ಅಗ್ಗದ ಗೂಡು, ದುಬಾರಿ ನೂಲು

ರಾಮನಗರದ ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾಗುವ ಮುಂಚೆ ರೀಲರುಗಳು ಒಂದೊಂದೇ ಲಾಟಿನ ಮುಂದೆ ನಿಂತು ನೋಡುತ್ತಾ ಹೋಗುತ್ತಾರೆ. ರಾಶಿಯ ಮೇಲಿನ ಗೂಡನ್ನಷ್ಟೇ ನೋಡಿ ಯಾರೂ ಮುಂದೆ ಹೋಗುವುದಿಲ್ಲ. ಕೈಯನ್ನು ಅಡಿಗೆ ಇಳಿಸಿ ಒಂದು ಹಿಡಿ ಎತ್ತುತ್ತಾರೆ, ಹೆಬ್ಬೆರಳಿನಿಂದ ಅಮುಕಿ ಗಟ್ಟಿಯಿದೆಯೇ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುತ್ತಾರೆ. ಕಲೆಯಾದ ಗೂಡು ಎಷ್ಟಿದೆ, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿದೆ, ತೆಳುಗೂಡು ಎಷ್ಟಿದೆ ಎಂದು ಕಣ್ಣಲ್ಲೇ ಅಳೆಯುತ್ತಾರೆ. ಆಮೇಲೆ ಮನಸ್ಸಿನಲ್ಲಿ ಒಂದು ಲೆಕ್ಕ ನಡೆಯುತ್ತದೆ: ಈ ಗೂಡು ಎಷ್ಟು ರೆಂಡಿಟಾ ಕೊಡುತ್ತದೆ, ಹಾಗಾದರೆ ಇದಕ್ಕೆ ಎಷ್ಟು ಕೂಗಬಹುದು?

ರೆಂಡಿಟಾ ಎಂದರೆ ಒಂದು ಕಿಲೋ ಕಚ್ಚಾ ರೇಷ್ಮೆ ನೂಲು ತೆಗೆಯಲು ಬೇಕಾದ ಹಸಿಗೂಡಿನ ತೂಕ. ರೆಂಡಿಟಾ 7.5 ಎಂದರೆ ಏಳೂವರೆ ಕಿಲೋ ಗೂಡಿಗೆ ಒಂದು ಕಿಲೋ ನೂಲು. ಈ ಅಂಕಿ ಕಡಿಮೆಯಾದಷ್ಟೂ ರೀಲರಿಗೆ ಒಳ್ಳೆಯದು. ಒಳ್ಳೆಯ ದ್ವಿತಳಿ ಗೂಡಿನಲ್ಲಿ ಅದು ಆರು, ಆರೂವರೆಯ ಆಸುಪಾಸಿನಲ್ಲಿ ಸಿಗುತ್ತದೆ. ಮಿಶ್ರತಳಿ ಗೂಡಿನಲ್ಲಿ ಏಳು, ಎಂಟಕ್ಕೆ ಏರುತ್ತದೆ.

ಕಾಮರ್ಸ್ ಪಠ್ಯಪುಸ್ತಕದಲ್ಲಿ ಸ್ಟ್ಯಾಂಡರ್ಡ್ ಕಾಸ್ಟಿಂಗ್, ಅಂದರೆ ಪ್ರಮಾಣಿತ ವೆಚ್ಚದ ಪಾಠ ಓದಿದವರಿಗೆ ಇಲ್ಲೊಂದು ಪರಿಚಿತ ಚಿತ್ರ ಕಾಣುತ್ತದೆ. ಒಂದು ವಸ್ತು ತಯಾರಿಸಲು ಎಷ್ಟು ಕಚ್ಚಾಮಾಲು ಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು, ಅದರ ಬೆಲೆ ಎಷ್ಟಿರಬೇಕು ಎಂಬುದನ್ನೂ ಗೊತ್ತು ಮಾಡಿಕೊಳ್ಳುವುದು, ತಿಂಗಳ ಕೊನೆಗೆ ನಿಜಕ್ಕೂ ಆದದ್ದನ್ನು ಅದರ ಪಕ್ಕದಲ್ಲಿಟ್ಟು ನೋಡುವುದು. ಬಹುತೇಕ ಕಾರ್ಖಾನೆಗಳಲ್ಲಿ ಈ ‘ಇಷ್ಟು ಮಾಲು ಬೇಕು’ ಎಂಬ ಅಂಕಿಯನ್ನು ಎಂಜಿನಿಯರುಗಳು ಅಳೆದು ನಿಗದಿ ಮಾಡುತ್ತಾರೆ. ರೇಷ್ಮೆ ನೂಲು ಬಿಚ್ಚಾಣಿಕೆಯವರಿಗೆ ಅದು ದಿನಬಳಕೆಯ ಮಾತು. ಹಾಗಾಗಿ ಬೆಲೆ ವ್ಯತ್ಯಾಸ, ಪ್ರಮಾಣ ವ್ಯತ್ಯಾಸ ಎಂಬ ಎರಡು ಪದಗಳು ಮಾಲೀಕನಿಗೆ ಏನು ಹೇಳುತ್ತವೆ ಎಂದು ತಿಳಿಯಲು ಬಿಚ್ಚಾಣಿಕೆ ಘಟಕಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಲೆಕ್ಕ ಸರಾಗವಾಗಿ ತಿಳಿಯಲೆಂದು ಮಿಶ್ರತಳಿ ಗೂಡು ಬಿಚ್ಚುವ ಒಂದು ಘಟಕವನ್ನು ಊಹಿಸಿಕೊಳ್ಳೋಣ. ಗೂಡಿನ ಬೆಲೆ ದಿನದಿನಕ್ಕೂ ಬದಲಾಗುವುದರಿಂದ ಇಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ಮಾಲೀಕರು ವರ್ಷದ ಆರಂಭದಲ್ಲಿ, ಹಿಂದಿನ ಅನುಭವ ನೋಡಿ, ಎರಡು ಅಂಕಿ ಗೊತ್ತು ಮಾಡಿದ್ದಾರೆ. ಗೂಡಿನ ನಿಗದಿ ಬೆಲೆ ಕಿಲೋಗೆ 500 ರೂಪಾಯಿ, ನಿಗದಿ ರೆಂಡಿಟಾ 7.5. ಎಂದರೆ ಒಂದು ಕಿಲೋ ನೂಲಿಗೆ ಬೀಳಬೇಕಾದ ಗೂಡಿನ ಖರ್ಚು 3,750 ರೂಪಾಯಿ.

ಒಂದು ತಿಂಗಳಲ್ಲಿ ಘಟಕ 4,000 ಕಿಲೋ ಗೂಡು ಕೊಂಡಿತು. ಅಷ್ಟನ್ನೂ ಬಿಚ್ಚಿತು. ಬಂದ ನೂಲು 500 ಕಿಲೋ. ಗೂಡಿಗೆ ಕೊಟ್ಟ ಒಟ್ಟು ಹಣ 19,20,000 ರೂಪಾಯಿ, ಸರಾಸರಿ ಕಿಲೋಗೆ 480.

500 ಕಿಲೋ ನೂಲಿಗೆ ಆಗಬೇಕಿದ್ದ ಖರ್ಚು 18,75,000. ಆದದ್ದು 19,20,000. 45,000 ರೂಪಾಯಿ ಹೆಚ್ಚಾಗಿದೆ. ಸಾಮಾನ್ಯ ಲೆಕ್ಕಪುಸ್ತಕ ಇಲ್ಲಿಗೆ ನಿಲ್ಲುತ್ತದೆ. ಹೆಚ್ಚಾದದ್ದು ಕೊಳ್ಳುವಾಗಲೋ ಬಿಚ್ಚುವಾಗಲೋ ಎಂಬುದನ್ನು ಅದು ಹೇಳುವುದಿಲ್ಲ.

ಈಗ ಅದನ್ನು ಎರಡು ಪಾಲು ಮಾಡೋಣ. ಬೆಲೆ ವ್ಯತ್ಯಾಸ ತೆಗೆಯಲು ನಿಗದಿ ಬೆಲೆಯಿಂದ ನಿಜಬೆಲೆಯನ್ನು ಕಳೆದು, ಕೊಂಡ ತೂಕದಿಂದ ಗುಣಿಸಬೇಕು. 500ರಿಂದ 480 ಕಳೆದರೆ 20. ಅದನ್ನು 4,000ದಿಂದ ಗುಣಿಸಿದರೆ 80,000 ರೂಪಾಯಿ ಉಳಿತಾಯ. ಲೆಕ್ಕಿಗರ ಭಾಷೆಯಲ್ಲಿ ಇದು ಅನುಕೂಲ ವ್ಯತ್ಯಾಸ. ಪ್ರಮಾಣ ವ್ಯತ್ಯಾಸಕ್ಕೆ, ಬಂದ ನೂಲಿಗೆ ಬೇಕಾಗಿದ್ದ ಗೂಡಿನಿಂದ ಬಳಸಿದ ಗೂಡನ್ನು ಕಳೆದು, ನಿಗದಿ ಬೆಲೆಯಿಂದ ಗುಣಿಸಬೇಕು. 500 ಕಿಲೋ ನೂಲಿಗೆ 7.5ರ ಲೆಕ್ಕದಲ್ಲಿ 3,750 ಕಿಲೋ ಸಾಕಿತ್ತು. ಬಳಸಿದ್ದು 4,000. ಹೆಚ್ಚಾದ 250 ಕಿಲೋಗೆ 500 ರೂಪಾಯಿಯಂತೆ 1,25,000 ರೂಪಾಯಿ ಪ್ರತಿಕೂಲ. ಕೊಳ್ಳುವಾಗ 80,000 ಉಳಿಯಿತು, ಬಿಚ್ಚುವಾಗ 1,25,000 ಹೋಯಿತು. ಎರಡೂ ಕೂಡಿ ಆ 45,000.

ಎರಡನೆಯ ಲೆಕ್ಕದಲ್ಲಿ ನಿಜಬೆಲೆ 480 ಬಿಟ್ಟು ನಿಗದಿ ಬೆಲೆ 500 ಅನ್ನೇ ಹಿಡಿದದ್ದು ಏಕೆ ಎಂದು ಓದುಗರು ಕೇಳಬಹುದು. ಕಾರಣ ಸರಳ. ಬಿಚ್ಚಾಣಿಕೆ ನೋಡಿಕೊಳ್ಳುವ ಮೇಸ್ತ್ರಿಯ ಕೈಯಲ್ಲಿ ಮಾರುಕಟ್ಟೆಯ ದರ ಇಲ್ಲ. ನಿಜಬೆಲೆ ಹಿಡಿದರೆ, ದರ ಏರಿದ ತಿಂಗಳು ಅವನ ಕೆಲಸ ಕೆಟ್ಟದಾಗಿ ಕಾಣುತ್ತದೆ, ಇಳಿದ ತಿಂಗಳು ಚೆನ್ನಾಗಿ ಕಾಣುತ್ತದೆ. ಬೆಲೆಯನ್ನು ಒಂದೇ ಕಡೆ ಕಟ್ಟಿಹಾಕಿದಾಗ ಉಳಿಯುವುದು ಗೂಡಿನ ಬಳಕೆ ಮಾತ್ರ. ಹಾಗೆಯೇ ಬೇಕಾದ ಗೂಡನ್ನು ಲೆಕ್ಕ ಹಾಕುವಾಗ ತಿಂಗಳ ಗುರಿಯನ್ನು ಹಿಡಿಯಬಾರದು, ನಿಜಕ್ಕೂ ಬಂದ ನೂಲನ್ನೇ ಹಿಡಿಯಬೇಕು. 600 ಕಿಲೋ ನೂಲಿನ ಗುರಿ ಇಟ್ಟುಕೊಂಡು 500 ಮಾತ್ರ ತೆಗೆದಾಗ, 600ಕ್ಕೆ ಬೇಕಾದ ಗೂಡಿನ ಜೊತೆ ಹೋಲಿಸಿದರೆ ದೊಡ್ಡ ಉಳಿತಾಯವಾದಂತೆ ಕಾಣುತ್ತದೆ. ಅದು ಉಳಿತಾಯವಲ್ಲ, ಆಗದ ಕೆಲಸ.

ಇಷ್ಟು ಲೆಕ್ಕ ನೋಡಿದ ಕೂಡಲೇ ಬಹಳ ಮಾಲೀಕರು ಒಂದು ತೀರ್ಮಾನಕ್ಕೆ ಬರುತ್ತಾರೆ. ಗೂಡು ಕೊಂಡವನು ಜಾಣ, ಅವನಿಗೆ ಶಹಬ್ಬಾಸ್. ಬಿಚ್ಚಿದವರು ಮಾಲು ಹಾಳು ಮಾಡಿದರು, ಅವರಿಗೆ ತರಾಟೆ. ಎರಡು ಅಂಕಿಗಳನ್ನು ಬೇರೆಬೇರೆ ಓದಿದರೆ ಹಾಗೆಯೇ ಕಾಣುತ್ತದೆ, ಮತ್ತು ಈ ಪದ್ಧತಿಯಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಇಲ್ಲಿಯೇ. ಒಟ್ಟು ಲೆಕ್ಕವನ್ನು ಬಿಟ್ಟು ಲಾಟಿನ ಲೆಕ್ಕಕ್ಕೆ ಇಳಿದರೆ ಬೇರೆಯದೇ ಚಿತ್ರ ಸಿಗುತ್ತದೆ.

ನಮ್ಮ ಘಟಕದ ಖರೀದಿ ಪುಸ್ತಕದಲ್ಲಿ ಆ ತಿಂಗಳು ಎರಡು ಭಾಗ ಇದೆ ಎನ್ನೋಣ. ಮೊದಲ ಹದಿನೈದು ದಿನ ಕೊಂಡದ್ದು 2,400 ಕಿಲೋ, ಕಿಲೋಗೆ 500ರಂತೆ. ಅದರಿಂದ ಬಂದ ನೂಲು 320 ಕಿಲೋ, ರೆಂಡಿಟಾ ಸರಿಯಾಗಿ 7.5. ಬೆಲೆಯಲ್ಲೂ ವ್ಯತ್ಯಾಸ ಇಲ್ಲ, ಬಳಕೆಯಲ್ಲೂ ಇಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು. ಉಳಿದ 1,600 ಕಿಲೋ 450 ರೂಪಾಯಿಗೆ ಸಿಕ್ಕಿತು. ಅದರಿಂದ ಬಂದ ನೂಲು 180 ಕಿಲೋ ಮಾತ್ರ, ರೆಂಡಿಟಾ 8.9ರ ಹತ್ತಿರ. 80,000ದ ಉಳಿತಾಯ ಪೂರ್ತಿ ಬಂದದ್ದು ಈ 1,600 ಕಿಲೋದಲ್ಲಿ. 1,25,000ದ ನಷ್ಟ ಪೂರ್ತಿ ಆದದ್ದೂ ಇದರಲ್ಲೇ. ಅದೇ ಮೇಸ್ತ್ರಿ, ಅದೇ ಕೆಲಸಗಾರರು, ಅದೇ ಯಂತ್ರ. ಬದಲಾದದ್ದು ಗೂಡು.

ಹುಳ ಚಂದ್ರಿಕೆಯ ಮೇಲೆ ಗೂಡು ಕಟ್ಟುವ ದಿನಗಳಲ್ಲಿ ಗಾಳಿಯ ತೇವ ಹೆಚ್ಚಿದ್ದರೆ, ಎಳೆಯ ಮೇಲಿನ ಅಂಟು ಬೇಗ ಒಣಗದೆ ಪದರ ಪದರಕ್ಕೂ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಂಥ ಗೂಡು ಬಿಸಿನೀರಿನಲ್ಲಿ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. ಎಳೆ ಪದೇಪದೇ ಕಡಿಯುತ್ತದೆ, ಪ್ರತಿ ಬಾರಿ ತುದಿ ಹುಡುಕುವಾಗ ಒಂದಷ್ಟು ರೇಷ್ಮೆ ತ್ಯಾಜ್ಯದ ಪಾಲಾಗುತ್ತದೆ. ಮಳೆಗಾಲದ ಗೂಡಿಗೆ ಮಾರುಕಟ್ಟೆಯಲ್ಲಿ ಬೆಲೆ ಇಳಿಯುವುದಕ್ಕೆ ಇದೂ ಒಂದು ಕಾರಣ. ಅಗ್ಗದ ಬೆಲೆಯೂ ಹೆಚ್ಚಿನ ಬಳಕೆಯೂ ಒಂದೇ ಗೂಡಿನ ಎರಡು ಮುಖ.

ಹಾಗಾದರೆ ಆ ಗೂಡಿಗೆ ಎಷ್ಟು ಕೊಡಬಹುದಿತ್ತು? ನಿಗದಿಯಂತೆ ಒಂದು ಕಿಲೋ ನೂಲಿಗೆ ಗೂಡಿನ ಖರ್ಚು 3,750 ಮೀರಬಾರದು. ಅದನ್ನು ಆ ಲಾಟಿನ ನಿಜವಾದ ರೆಂಡಿಟಾದಿಂದ ಭಾಗಿಸಿದರೆ 422 ರೂಪಾಯಿ ಬರುತ್ತದೆ. 422 ಬಾಳುವ ಗೂಡಿಗೆ 450 ಕೊಟ್ಟಾಯಿತು. ಕಿಲೋಗೆ 28 ರೂಪಾಯಿ ಚಿಲ್ಲರೆ ಹೆಚ್ಚು, 1,600 ಕಿಲೋಗೆ ಅದೇ 45,000. ನಿಗದಿಗಿಂತ 50 ರೂಪಾಯಿ ಕಡಿಮೆಗೆ ಕೊಂಡು ‘ಅನುಕೂಲ’ ಎಂದು ಬರೆದ ಖರೀದಿ ನಿಜದಲ್ಲಿ ದುಬಾರಿ ಖರೀದಿ. ಗೂಡು ಅಮುಕಿ, ಅಲ್ಲಾಡಿಸಿ ನೋಡುವ ಹಳೆಯ ರೀಲರು ಮನಸ್ಸಿನಲ್ಲಿ ಮಾಡುವ ಲೆಕ್ಕವೂ ಇದೇ. ಅವರು ಬೆಲೆಯನ್ನು ರೆಂಡಿಟಾದಿಂದ ಬೇರೆ ಮಾಡಿ ನೋಡುವುದೇ ಇಲ್ಲ. ಆದ್ದರಿಂದ ಬೆಲೆ ವ್ಯತ್ಯಾಸವೊಂದನ್ನೇ ನೋಡಿ ಖರೀದಿಯವನಿಗೆ ಇನಾಮು ಕೊಡುವ ಪದ್ಧತಿ ಯಾವ ಕಾರ್ಖಾನೆಯಲ್ಲಿದ್ದರೂ ಅದು ಕೆಟ್ಟ ಮಾಲನ್ನು ಬಾಗಿಲಿಗೆ ಕರೆದಂತೆ.

ಎಲ್ಲ ಪ್ರಮಾಣ ವ್ಯತ್ಯಾಸವೂ ಗೂಡಿನ ತಪ್ಪಲ್ಲ. ಗೂಡು ಒಳ್ಳೆಯದಿದ್ದೂ ಒಲೆಯ ಬಳಿ ಕೆಡಬಹುದು. ಬೇಯಿಸುವುದು ಕಡಿಮೆಯಾದರೆ ಅಂಟು ಸಡಿಲವಾಗದೆ ಎಳೆ ಕಡಿಯುತ್ತದೆ. ಹೆಚ್ಚಾದರೆ ಗೂಡು ಮೆತ್ತಗಾಗಿ ಎಳೆ ಗುಂಪುಗುಂಪಾಗಿ ಎದ್ದು ಬಂದು ತ್ಯಾಜ್ಯ ಹೆಚ್ಚುತ್ತದೆ. ಕೆಲಸಕ್ಕೆ ಹೊಸಬರು ಬಂದಿದ್ದರೆ ತುದಿ ಹಿಡಿಯುವಾಗ ಬೇಕಾದದ್ದಕ್ಕಿಂತ ಹೆಚ್ಚು ಎಳೆ ಕಿತ್ತು ಹಾಕುತ್ತಾರೆ. ಯಾವುದು ಎಲ್ಲಿ ಕೆಟ್ಟಿತು ಎಂದು ಪತ್ತೆ ಮಾಡಲು ದೊಡ್ಡ ವಿದ್ಯೆ ಬೇಡ, ಒಂದು ತಕ್ಕಡಿ ಮತ್ತು ಒಂದು ಪುಸ್ತಕ ಸಾಕು.

ಒಂದೇ ಲಾಟಿನ ಗೂಡನ್ನು ಎಲ್ಲ ಬೇಸಿನ್ನುಗಳಿಗೂ ಹಂಚಿ, ಪ್ರತಿಯೊಂದರ ನೂಲನ್ನು ಬೇರೆಬೇರೆ ತೂಗಿದರೆ ಮೊದಲ ಸುಳಿವು ಸಿಗುತ್ತದೆ. ಎಲ್ಲ ಕಡೆಯೂ ನೂಲು ಕಡಿಮೆ ಬಂದರೆ ಅನುಮಾನ ಗೂಡಿನ ಮೇಲೆ ಅಥವಾ ಎಲ್ಲಕ್ಕೂ ಸಾಮಾನ್ಯವಾದ ಬೇಯಿಸುವ ಹಂತದ ಮೇಲೆ ಹೋಗುತ್ತದೆ. ಒಂದೆರಡು ಬೇಸಿನ್ನುಗಳಲ್ಲಿ ಮಾತ್ರ ಕಡಿಮೆಯಾದರೆ ಅಲ್ಲಿನ ಕೈಯನ್ನೋ ಯಂತ್ರವನ್ನೋ ನೋಡಬೇಕು.

ಎರಡನೆಯ ಸುಳಿವು ತ್ಯಾಜ್ಯದ ತೂಕದಲ್ಲಿದೆ. ನೂಲು ಕಡಿಮೆಯಾಗಿ ತ್ಯಾಜ್ಯ ಅಷ್ಟೇ ಹೆಚ್ಚಾಗಿದ್ದರೆ, ಗೂಡಿನಲ್ಲಿ ರೇಷ್ಮೆ ಇತ್ತು, ಬಿಚ್ಚಿಕೊಳ್ಳಲಿಲ್ಲ ಎಂದರ್ಥ. ನೂಲು ಕಡಿಮೆಯಾದರೂ ತ್ಯಾಜ್ಯ ಎಂದಿನಷ್ಟೇ ಇದ್ದರೆ, ಗೂಡಿನಲ್ಲಿ ರೇಷ್ಮೆಯೇ ಕಡಿಮೆ ಇದ್ದಿರಬಹುದು. ಅದನ್ನು ಖಚಿತ ಮಾಡಿಕೊಳ್ಳಲು ಬೇಯಿಸುವ ಮುಂಚೆಯೇ ಲಾಟಿನಿಂದ ಒಂದಷ್ಟು ಗೂಡು ತೆಗೆದು ತೂಗಿ, ಕತ್ತರಿಸಿ, ಹುಳವನ್ನು ಹೊರಹಾಕಿ, ಬರೀ ಪೊರೆಯನ್ನು ಮತ್ತೆ ತೂಗಿ ನೋಡಬೇಕು. ಹಸಿಗೂಡಿನ ತೂಕದಲ್ಲಿ ಬಹುಪಾಲು ಹುಳದ್ದೇ, ಪೊರೆ ಹೆಚ್ಚುಕಡಿಮೆ ಐದನೇ ಒಂದು ಭಾಗ ಮಾತ್ರ. ಆ ಸಣ್ಣ ಪಾಲಿನಲ್ಲಿ ಒಂದೆರಡು ಶೇಕಡಾ ಕಡಿಮೆಯಾದರೂ ರೆಂಡಿಟಾ ಏರಿಬಿಡುತ್ತದೆ. ಪೊರೆಯೂ ಸರಿಯಿದೆ, ತ್ಯಾಜ್ಯವೂ ಸರಿಯಿದೆ, ನೂಲು ಮಾತ್ರ ಕಡಿಮೆ ಎಂದಾದರೆ ತಕ್ಕಡಿಯನ್ನೂ ಗೋದಾಮಿನ ಬಾಗಿಲನ್ನೂ ಪರೀಕ್ಷಿಸುವ ಸಮಯ ಬಂದಿದೆ.

ಅನುಕೂಲ ವ್ಯತ್ಯಾಸ ಬಂದಾಗ ಯಾರೂ ವಿಚಾರಿಸುವುದಿಲ್ಲ. ವಿಚಾರಿಸಬೇಕು. ಒಂದು ತಿಂಗಳು ರೆಂಡಿಟಾ 7ಕ್ಕೆ ಇಳಿಯಿತು ಎಂದುಕೊಳ್ಳಿ. ಗೂಡು ಚೆನ್ನಾಗಿತ್ತು ಎಂಬುದು ಒಂದು ಸಾಧ್ಯತೆ. ನೂಲು ಪೂರ್ತಿ ಒಣಗುವ ಮುಂಚೆ ತೂಗಿದ್ದಾರೆ ಎಂಬುದು ಇನ್ನೊಂದು. ರೇಷ್ಮೆ ಗಾಳಿಯ ತೇವವನ್ನು ಚೆನ್ನಾಗಿ ಹೀರುತ್ತದೆ. ಅದಕ್ಕೇ ವ್ಯಾಪಾರದಲ್ಲಿ ಕಚ್ಚಾ ರೇಷ್ಮೆಗೆ ಒಣತೂಕದ ಮೇಲೆ ಶೇ. 11ರಷ್ಟು ತೇವವನ್ನು ಒಪ್ಪಿತ ಅಳತೆಯಾಗಿ ಇಟ್ಟುಕೊಂಡಿದ್ದಾರೆ. ಅದಕ್ಕಿಂತ ಹೆಚ್ಚಿನ ತೇವದಲ್ಲಿ ತೂಗಿದ ನೂಲು ಪುಸ್ತಕದಲ್ಲಿ ಉಳಿತಾಯ ತೋರಿಸುತ್ತದೆ, ಮಾರುವಾಗ ತೂಕ ಕಡಿಮೆಯಾಗುತ್ತದೆ. ಮೂರನೆಯ ಸಾಧ್ಯತೆಯೂ ಇದೆ. ರೆಂಡಿಟಾ ಉಳಿಸುವ ಒತ್ತಡಕ್ಕೆ ತೆಗೆದುಹಾಕಬೇಕಿದ್ದ ಕೆಟ್ಟ ಗೂಡನ್ನೂ ಬೇಸಿನ್ನಿಗೆ ಹಾಕಿರುತ್ತಾರೆ. ಆಗ ನೂಲಿನಲ್ಲಿ ಗಂಟು, ದಪ್ಪ ತೆಳುವಿನ ಏರುಪೇರು ಬರುತ್ತದೆ, ದರ್ಜೆ ಇಳಿಯುತ್ತದೆ, ಮಾರಾಟದ ದರದಲ್ಲಿ ಪೆಟ್ಟು ಬೀಳುತ್ತದೆ. ಈ ಪೆಟ್ಟನ್ನು ಪ್ರಮಾಣ ವ್ಯತ್ಯಾಸ ತೋರಿಸುವುದೇ ಇಲ್ಲ. ಹೀಗಾಗಿ ರೆಂಡಿಟಾದ ಪಕ್ಕದಲ್ಲಿ ನೂಲು ಎಷ್ಟಕ್ಕೆ ಮಾರಿತು ಎಂಬ ಅಂಕಿ ಇರದ ವರದಿ ಅರ್ಧ ವರದಿ.

ಇನ್ನು ಬೆಲೆ ವ್ಯತ್ಯಾಸದ ಕಡೆ. ಇದಕ್ಕೊಂದು ಅನುಕೂಲ ಇದೆ: ಗೂಡು ಕೊಂಡ ದಿನವೇ ಲೆಕ್ಕ ಸಿಗುತ್ತದೆ, ಬಿಚ್ಚಿ ಮುಗಿಯುವವರೆಗೆ ಕಾಯಬೇಕಿಲ್ಲ. ಅದಕ್ಕೇ ಅದನ್ನು ಬಳಸಿದ ತೂಕದ ಮೇಲೆ ಹಾಕದೆ ಕೊಂಡ ತೂಕದ ಮೇಲೆ ಹಾಕುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಗೂಡಿನ ಬೆಲೆ ಖರೀದಿಯವನ ಮಾತು ಕೇಳುವುದಿಲ್ಲ. ವರ್ಷದ ಆರಂಭದಲ್ಲಿ 500 ಎಂದು ಬರೆದಿಟ್ಟ ಅಂಕಿ ನಾಲ್ಕನೆಯ ತಿಂಗಳಿಗೇ ಹಳತಾಗಬಹುದು.

ಒಂದು ದಿನ ಮಾರುಕಟ್ಟೆಯ ಸರಾಸರಿ ದರ 560ಕ್ಕೆ ಏರಿತು, ನಮ್ಮ ಘಟಕದವರು ಅದೇ ಗುಣಮಟ್ಟದ ಗೂಡನ್ನು 545ಕ್ಕೆ ಹಿಡಿದರು ಎನ್ನೋಣ. ನಿಗದಿ ಬೆಲೆಯ ಪಕ್ಕದಲ್ಲಿಟ್ಟರೆ ಕಿಲೋಗೆ 45 ರೂಪಾಯಿ ಪ್ರತಿಕೂಲ. ಆದರೆ ಆ 45ರೊಳಗೆ ಎರಡು ಸಂಗತಿ ಇವೆ. ಮಾರುಕಟ್ಟೆ ಏರಿದ್ದಕ್ಕೆ 60 ರೂಪಾಯಿ ಪ್ರತಿಕೂಲ, ಖರೀದಿಯವರ ಜಾಣ್ಮೆಯಿಂದ 15 ರೂಪಾಯಿ ಅನುಕೂಲ. ಮೊದಲನೆಯದು ಮಾಲೀಕರಿಗೆ ಸಂದೇಶ: ನಿಗದಿ ಬೆಲೆ ಹಳತಾಗಿದೆ, ನೂಲಿನ ಮಾರಾಟದ ದರವನ್ನು ಮತ್ತೆ ನೋಡಿ, ಏರಿದ ಖರ್ಚು ನೂಲಿನ ದರದಲ್ಲಿ ವಾಪಸು ಬರುತ್ತಿದೆಯೇ ಎಂದು ಪರೀಕ್ಷಿಸಿ. ಎರಡನೆಯದು ಮಾತ್ರ ಖರೀದಿಯವರ ಕೆಲಸದ ಅಳತೆ. ಈ ವಿಂಗಡಣೆ ಮಾಡಲು ರೀಲರಿಗೆ ಎಲ್ಲೂ ಅಲೆಯಬೇಕಿಲ್ಲ. ಸರ್ಕಾರಿ ಗೂಡಿನ ಮಾರುಕಟ್ಟೆಗಳಲ್ಲಿ ಆಯಾ ದಿನದ ಗರಿಷ್ಠ, ಕನಿಷ್ಠ, ಸರಾಸರಿ ದರ ಪ್ರಕಟವಾಗುತ್ತದೆ. ಕಬ್ಬಿಣ, ಪ್ಲಾಸ್ಟಿಕ್ ಕೊಳ್ಳುವ ಸಣ್ಣ ಕಾರ್ಖಾನೆಗಳಿಗೆ ಅಂದಂದಿನ ನಿಜವಾದ ದರ ಇಷ್ಟು ಸುಲಭವಾಗಿ ಕೈಗೆಟುಕುವುದಿಲ್ಲ.

ಕೊನೆಯದಾಗಿ ನಿಗದಿ ಅಂಕಿಯ ಬಗ್ಗೆಯೇ ಒಂದು ಮಾತು. ಮಿಶ್ರತಳಿ ಗೂಡಿಗೆ 6.5 ಎಂದು ನಿಗದಿ ಮಾಡಿದರೆ ಪ್ರತಿ ತಿಂಗಳೂ ಪ್ರತಿಕೂಲ ಬರುತ್ತದೆ. ಮೂರು ತಿಂಗಳಾದ ಮೇಲೆ ಆ ವರದಿಯನ್ನು ಯಾರೂ ಓದುವುದಿಲ್ಲ. 9 ಎಂದು ಇಟ್ಟರೆ ಪ್ರತಿ ತಿಂಗಳೂ ಅನುಕೂಲ ಬರುತ್ತದೆ, ನಮ್ಮ ಉದಾಹರಣೆಯ ಮಳೆಗಾಲದ ಲಾಟ್ ಕೂಡ ಸದ್ದಿಲ್ಲದೆ ಒಳಗೆ ಸೇರಿಹೋಗುತ್ತದೆ. ಒಳ್ಳೆಯ ಗೂಡು, ಸರಿಯಾದ ಕೆಲಸ, ತಪ್ಪಿಸಲಾಗದ ಸ್ವಲ್ಪ ತ್ಯಾಜ್ಯ, ಇಷ್ಟನ್ನೂ ಸೇರಿಸಿದ ಅಂಕಿ ಇರಬೇಕು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ದ್ವಿತಳಿಗೊಂದು, ಮಿಶ್ರತಳಿಗೊಂದು ಬೇರೆಬೇರೆ ನಿಗದಿ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ನಮ್ಮ ಘಟಕ ಮಳೆಗಾಲಕ್ಕೆ 8.2 ಎಂದು ಬೇರೆ ರೆಂಡಿಟಾ ಇಟ್ಟಿದ್ದರೆ, ಹರಾಜಿನಲ್ಲಿ 457 ಮೀರಿ ಕೂಗಬಾರದು ಎಂಬ ಗೆರೆ ಮೊದಲೇ ಸಿಗುತ್ತಿತ್ತು. 450 ಆ ಗೆರೆಯೊಳಗೇ ಇದೆ. ಆದರೂ ಲಾಟ್ 8.9 ಕೊಟ್ಟಿತು. ಎಂದರೆ ಅದು ಮಳೆಗಾಲದ ಸಾಮಾನ್ಯ ಗೂಡಿಗಿಂತಲೂ ಕೆಟ್ಟದ್ದು, ಹರಾಜಿಗೆ ಮುಂಚೆ ಕತ್ತರಿಸಿ ನೋಡಿರಲಿಲ್ಲ, ಅಥವಾ ಬೇಯಿಸುವುದರಲ್ಲೂ ಏನೋ ತಪ್ಪಿದೆ. ವಿಚಾರಣೆ ಅಲ್ಲಿಂದ ಶುರುವಾಗಬೇಕು.

ಬಿಚ್ಚಾಣಿಕೆ ಘಟಕ ನಡೆಸುವವರು ಇದಕ್ಕೆ ಕಂಪ್ಯೂಟರ್ ಕೊಳ್ಳಬೇಕಿಲ್ಲ. ಒಂದು ಉದ್ದ ಪುಸ್ತಕದಲ್ಲಿ ಲಾಟ್ ನಂಬರು, ಗೂಡಿನ ತೂಕ, ಕೊಟ್ಟ ದರ, ಆ ದಿನದ ಮಾರುಕಟ್ಟೆ ಸರಾಸರಿ, ಬಂದ ನೂಲು, ಬಂದ ತ್ಯಾಜ್ಯ, ನೂಲು ಮಾರಿದ ದರ ಎಂದು ಏಳು ಕಾಲಂ ಎಳೆದುಕೊಳ್ಳಿ. ಒಂದು ಲಾಟಿನ ಗೂಡನ್ನು ಇನ್ನೊಂದರ ಜೊತೆ ಬೆರೆಸದೆ ಬಿಚ್ಚಿಸಿ. ಬೆರೆಸಿದ ದಿನ ಈ ಏಳೂ ಕಾಲಮ್ಮಿನಿಂದ ಯಾವ ಉತ್ತರವೂ ಸಿಗುವುದಿಲ್ಲ.